ನೋಂದಣಿ ಇಲ್ಲದ ಮಾಲೀಕರಿಂದ ಮಳಿಗೆ ಬಾಡಿಗೆಗೆ ಪಡೆದಾಗ ಸೆಲ್ಫ್ ಇನ್‌ವಾಯ್ಸ್: ಐದು ತಿಂಗಳು ಬಿಟ್ಟುಹೋಗಿದೆ, ಈಗೇನು ಮಾಡಬೇಕು?

ಬೆಣ್ಣೆನಗರಿ | 11 ಸೆಪ್ಟೆಂಬರ್ 2025

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಜಿಎಸ್‌ಟಿ ನೋಂದಣಿ ಇದ್ದು, ಪ್ರತಿ ತಿಂಗಳೂ ರಿಟರ್ನ್ ಸಲ್ಲಿಸುತ್ತೇನೆ. ಮಾರ್ಚ್‌ವರೆಗೆ ಸ್ವಂತ ಕಟ್ಟಡದಲ್ಲಿದ್ದೆ. ಜಾಗ ಸಾಲದೆ 1 ಏಪ್ರಿಲ್ 2025ರಿಂದ ಹತ್ತಿರದಲ್ಲೇ ಒಂದು ಮಳಿಗೆಯನ್ನು ಬಾಡಿಗೆಗೆ ಹಿಡಿದಿದ್ದೇನೆ. ಮಾಲೀಕರು ನಿವೃತ್ತ ಶಿಕ್ಷಕರು, ಅವರಿಗೆ ಜಿಎಸ್‌ಟಿ ನೋಂದಣಿ ಇಲ್ಲ. ತಿಂಗಳ ಬಾಡಿಗೆ 40,000 ರೂಪಾಯಿ. ಆಯಾ ತಿಂಗಳ ಬಾಡಿಗೆಯನ್ನು ಅದೇ ತಿಂಗಳ 5ರಂದು ಅವರ ಬ್ಯಾಂಕ್ ಖಾತೆಗೆ ಹಾಕುತ್ತೇನೆ. ಇದಲ್ಲದೆ 4 ಲಕ್ಷ ರೂಪಾಯಿ ಅಡ್ವಾನ್ಸ್ ಕೊಟ್ಟಿದ್ದೇನೆ.

ಮಾಲೀಕರು ಬಿಲ್ ಕೊಡುವವರಲ್ಲವಾದ್ದರಿಂದ ಇದರಲ್ಲಿ ತೆರಿಗೆಯ ಮಾತೇ ಬರುವುದಿಲ್ಲವೆಂದು ನಾನು ಭಾವಿಸಿದ್ದೆ. ಕಳೆದ ವಾರ ಲೆಕ್ಕ ನೋಡಲು ಬಂದ ಹುಡುಗ, ನೀವೇ ನಿಮ್ಮ ಹೆಸರಿಗೆ ಇನ್‌ವಾಯ್ಸ್ ಬರೆದು ತೆರಿಗೆ ಕಟ್ಟಬೇಕಿತ್ತು ಎಂದು ಹೇಳಿ ಗಾಬರಿ ಹುಟ್ಟಿಸಿದ್ದಾನೆ. ಮಾರಿದವರು ಬಿಲ್ ಬರೆಯುವುದು ಲೋಕರೂಢಿ. ಕೊಂಡವನೇ ತನಗೆ ತಾನು ಬಿಲ್ ಬರೆದುಕೊಳ್ಳುವುದು ನಿಜವೇ? ನಿಜವಾದರೆ ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಐದು ತಿಂಗಳ ಗತಿ ಏನು?

ಹಳೇ ಗುಮಾಸ್ತ | 11 ಸೆಪ್ಟೆಂಬರ್ 2025

ಹುಡುಗ ಹೇಳಿದ್ದು ಸರಿಯಾಗಿದೆ. ನೋಂದಣಿ ಇಲ್ಲದವರಿಂದ ಏನನ್ನೇ ಕೊಂಡರೂ ಸೆಲ್ಫ್ ಇನ್‌ವಾಯ್ಸ್ ಬೇಕು. ಒಂದು ದಿನದ ಒಟ್ಟು ಖರೀದಿ 5,000 ರೂಪಾಯಿಯೊಳಗಿದ್ದರೆ ಮಾತ್ರ ವಿನಾಯಿತಿ ಇದೆ. ತಿಂಗಳ ಕೊನೆಯಲ್ಲಿ ಎಲ್ಲವನ್ನೂ ಕೂಡಿಸಿ ಒಂದೇ ಇನ್‌ವಾಯ್ಸ್ ಬರೆದರೂ ನಡೆಯುತ್ತದೆ. 2017ರಲ್ಲಿ ನಾನು ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದಾಗ ಹಮಾಲಿಯಿಂದ ಹಿಡಿದು ಟೀ ಅಂಗಡಿಯ ಬಾಕಿಯವರೆಗೆ ಎಲ್ಲದಕ್ಕೂ ಹೀಗೆಯೇ ಬರೆದಿದ್ದೇನೆ. ನಿಮ್ಮದು 40,000 ರೂಪಾಯಿ ಆದ್ದರಿಂದ ಬರೆಯಲೇಬೇಕು.

ಕಿರ್ದಿಖಾತೆ | 11 ಸೆಪ್ಟೆಂಬರ್ 2025

ಗುಮಾಸ್ತರು ತಲುಪಿದ ಊರು ಸರಿಯಾದದ್ದೇ, ಆದರೆ ಹಿಡಿದ ದಾರಿ ಎಂದೋ ಮುಚ್ಚಿಹೋದದ್ದು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಆ ಹಳೆಯ ನಿಯಮವನ್ನು ಇಂದಿಗೂ ನಂಬಿಕೊಂಡವರು ನನ್ನ ಕಚೇರಿಗೆ ತಿಂಗಳಿಗಿಬ್ಬರಾದರೂ ಬರುತ್ತಾರೆ.

ಕೇಂದ್ರ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 31(3)(ಎಫ್) ಸೆಲ್ಫ್ ಇನ್‌ವಾಯ್ಸ್ ಬರೆಯುವ ಹೊಣೆಯನ್ನು ಖರೀದಿದಾರನ ಮೇಲೆ ಹೊರಿಸುವುದು ಎರಡು ಸಂಗತಿಗಳು ಒಟ್ಟಿಗೆ ಸೇರಿದಾಗ ಮಾತ್ರ. ಮೊದಲನೆಯದಾಗಿ, ಆ ಖರೀದಿಯ ಮೇಲಿನ ತೆರಿಗೆಯನ್ನು ರಿವರ್ಸ್ ಚಾರ್ಜ್ ಅಡಿಯಲ್ಲಿ ಖರೀದಿದಾರನೇ ಕಟ್ಟಬೇಕಾಗಿರಬೇಕು. ಎರಡನೆಯದಾಗಿ, ಸರಕು ಅಥವಾ ಸೇವೆ ಕೈಸೇರಿದ ದಿನ ಮಾರಿದವರಿಗೆ ನೋಂದಣಿ ಇರಬಾರದು. ನೋಂದಣಿ ಇಲ್ಲದಿರುವುದೊಂದೇ ಸಾಲದು.

ಗುಮಾಸ್ತರು ನೆನಪಿಸಿಕೊಂಡದ್ದು ಸೆಕ್ಷನ್ 9(4)ರ ಮೊದಲ ರೂಪವನ್ನು. ನೋಂದಣಿ ಇಲ್ಲದವರಿಂದ ತೆರಿಗೆಯುಳ್ಳ ಏನನ್ನು ಕೊಂಡರೂ ರಿವರ್ಸ್ ಚಾರ್ಜ್ ಎಂಬ ಆ ಕಟ್ಟಳೆ 1 ಜುಲೈ 2017ರಂದು ಬಂದು, ವರ್ತಕರ ಗೋಳು ಹೆಚ್ಚಾದಾಗ ಅದೇ ವರ್ಷ ಅಕ್ಟೋಬರ್ 13ರಂದು ತಡೆಹಿಡಿಯಲ್ಪಟ್ಟಿತು. 1 ಫೆಬ್ರವರಿ 2019ರಿಂದ ಆ ಸೆಕ್ಷನ್ನಿನ ರೂಪವೇ ಬದಲಾಗಿ, ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸಿದ ವರ್ಗದವರಿಗೆ ಮಾತ್ರ ಸೀಮಿತವಾಯಿತು. ಹಾಗೆ ಹೆಸರಿಸಲ್ಪಟ್ಟವರು ವಸತಿ ಯೋಜನೆಗಳ ಬಿಲ್ಡರುಗಳು, ಅದೂ ಕೆಲವು ಖರೀದಿಗಳಿಗೆ ಮಾತ್ರ. ದಿನಕ್ಕೆ 5,000 ರೂಪಾಯಿಯ ಮಿತಿಯೂ, ತಿಂಗಳ ಕೊನೆಗೆ ಒಂದೇ ಒಟ್ಟು ಇನ್‌ವಾಯ್ಸ್ ಬರೆಯುವ ಅನುಕೂಲವೂ ಆ 9(4)ಕ್ಕೆ ಅಂಟಿಕೊಂಡವು.

ನಿಮ್ಮ ಬಾಡಿಗೆ ಬರುವುದು ಸೆಕ್ಷನ್ 9(3)ರ ಬಾಗಿಲಿನಿಂದ. ಅಲ್ಲಿ ರಿವರ್ಸ್ ಚಾರ್ಜಿಗೆ ಒಳಪಡುವ ಸರಕು ಮತ್ತು ಸೇವೆಗಳ ಪಟ್ಟಿಯೇ ಇದೆ. ನೋಂದಣಿ ಇಲ್ಲದ ಮಾಲೀಕರು ನೋಂದಾಯಿತ ವ್ಯಕ್ತಿಗೆ ವಾಣಿಜ್ಯ ಕಟ್ಟಡವನ್ನು ಬಾಡಿಗೆಗೆ ಕೊಡುವುದು ಆ ಪಟ್ಟಿಗೆ ಸೇರಿದ್ದು 10 ಅಕ್ಟೋಬರ್ 2024ರಂದು. ಅಂದಿನಿಂದ ಬಾಡಿಗೆದಾರನೇ ಶೇಕಡ 18ರಂತೆ ತೆರಿಗೆ ಕಟ್ಟಬೇಕು. ಸೆಲ್ಫ್ ಇನ್‌ವಾಯ್ಸನ್ನೂ ಅವನೇ ಬರೆಯಬೇಕು. 5,000 ರೂಪಾಯಿಯ ಲೆಕ್ಕ ಇಲ್ಲಿ ಅನ್ವಯಿಸುವುದಿಲ್ಲ. ಮಳಿಗೆಯ ಬಾಡಿಗೆ 3,000 ರೂಪಾಯಿ ಆಗಿದ್ದರೂ ಬರೆಯಬೇಕಾಗುತ್ತಿತ್ತು.

ಮಲೆನಾಡಿನ ಮಂಡಿ | 12 ಸೆಪ್ಟೆಂಬರ್ 2025

ಹಾಗಿದ್ದರೆ ನನ್ನ ಕಥೆ ಮುಗಿದಂತೆಯೇ. ಶಿವಮೊಗ್ಗದ ಬಳಿ ನನ್ನದು ಅಡಿಕೆ ವ್ಯಾಪಾರ. ರೈತರು ಮನೆಯಲ್ಲೇ ಸುಲಿದು, ಬೇಯಿಸಿ, ಒಣಗಿಸಿದ ರಾಶಿ ಅಡಿಕೆಯನ್ನು ತಂದು ಹಾಕುತ್ತಾರೆ. ಅವರಲ್ಲಿ ಒಬ್ಬರಿಗೂ ಜಿಎಸ್‌ಟಿ ಸಂಖ್ಯೆ ಇಲ್ಲ. ಒಂದು ಹಂಗಾಮಿನಲ್ಲಿ ನೂರಾರು ಪಟ್ಟಿ ಬರೆಯುತ್ತೇನೆ. ಅಷ್ಟಕ್ಕೂ ನಾನು ಸೆಲ್ಫ್ ಇನ್‌ವಾಯ್ಸ್ ಬರೆದು, ತೆರಿಗೆಯನ್ನೂ ಕಟ್ಟಬೇಕಿತ್ತೇ?

ಕಿರ್ದಿಖಾತೆ | 12 ಸೆಪ್ಟೆಂಬರ್ 2025

ಮಂಡಿಯವರೇ, ನೀವು ಮೊದಲಿನ ಉತ್ತರದಲ್ಲಿ ಎರಡನೆಯ ಸಂಗತಿಯನ್ನಷ್ಟೇ ಓದಿಕೊಂಡಿದ್ದೀರಿ. ರೈತರಿಗೆ ನೋಂದಣಿ ಇಲ್ಲ, ನಿಜ. ಆದರೆ ಅಡಿಕೆ ರಿವರ್ಸ್ ಚಾರ್ಜಿನ ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ನೀವು ಖರೀದಿಯ ಮೇಲೆ ತೆರಿಗೆ ಕಟ್ಟಬೇಕಾಗಿಲ್ಲ, ಸೆಲ್ಫ್ ಇನ್‌ವಾಯ್ಸೂ ಬೇಕಿಲ್ಲ. ನಿಮ್ಮ ಪಟ್ಟಿ, ತೂಕದ ಚೀಟಿ ಮತ್ತು ಹಣ ಸಂದಾಯದ ದಾಖಲೆಗಳೇ ಖರೀದಿಯ ಆಧಾರ. ನೀವು ಮಾರುವಾಗ ನಿಮ್ಮ ಬಿಲ್ಲಿನಲ್ಲಿ ತೆರಿಗೆ ಹಾಕುತ್ತೀರಿ, ಅಲ್ಲಿಗೆ ಮುಗಿಯಿತು.

ಇದೇ ವ್ಯಾಪಾರವನ್ನು ನೀವು ರಾಯಚೂರಿನಲ್ಲಿ ಹತ್ತಿಯಲ್ಲಿ ಮಾಡುತ್ತಿದ್ದರೆ ಉತ್ತರ ತಿರುವುಮುರುವಾಗುತ್ತಿತ್ತು. ಕೃಷಿಕನು ನೋಂದಾಯಿತ ವ್ಯಕ್ತಿಗೆ ಮಾರುವ ಕಚ್ಚಾ ಹತ್ತಿ 15 ನವೆಂಬರ್ 2017ರಿಂದ ಆ ಪಟ್ಟಿಯಲ್ಲಿದೆ. ಹಾಗಾಗಿ ಜಿನ್ನಿಂಗ್ ಮಿಲ್ಲಿನವರು ರೈತರಿಂದ ಕೊಂಡ ಹತ್ತಿಗೆ ಶೇಕಡ 5ರಂತೆ ತೆರಿಗೆ ಕಟ್ಟಿ ಸೆಲ್ಫ್ ಇನ್‌ವಾಯ್ಸ್ ಬರೆಯುತ್ತಾರೆ. ಇಬ್ಬರೂ ರೈತರೇ, ಇಬ್ಬರಿಗೂ ನೋಂದಣಿ ಇಲ್ಲ, ವ್ಯತ್ಯಾಸವಿರುವುದು ಸರಕಿನಲ್ಲಿ. ಗುಜರಿ ಕಬ್ಬಿಣವೂ 10 ಅಕ್ಟೋಬರ್ 2024ರಿಂದ ಹತ್ತಿಯ ಸಾಲಿಗೇ ಸೇರಿದೆ.

ಮಲೆನಾಡಿನ ಮಂಡಿ | 12 ಸೆಪ್ಟೆಂಬರ್ 2025

ಈಗ ಉಸಿರು ಬಂತು. ಆದರೂ ರೈತರ ತೋಟದಿಂದ ನಮ್ಮ ಗೋದಾಮಿಗೆ ಬರುವ ಲಾರಿಗೆ ಇ-ವೇ ಬಿಲ್ ನಾವೇ ಮಾಡುತ್ತಿದ್ದೇವೆ. ಅದೂ ಬೇಡವೇ?

ಕಿರ್ದಿಖಾತೆ | 12 ಸೆಪ್ಟೆಂಬರ್ 2025

ಅದು ಬೇಕು, ನಿಲ್ಲಿಸಬೇಡಿ. ಮಾರುವವರಿಗೆ ನೋಂದಣಿ ಇಲ್ಲದೆ, ಕೊಳ್ಳುವವರು ಯಾರೆಂಬುದು ಸರಕು ಹೊರಡುವಾಗಲೇ ಗೊತ್ತಿದ್ದರೆ, ಸಾಗಾಟ ಮಾಡಿಸಿದವರು ಕೊಳ್ಳುವವರೇ ಎಂದು ನಿಯಮ ಭಾವಿಸುತ್ತದೆ. ಅದು ಬೇರೆ ನಿಯಮ, ಬೇರೆ ಕಾಗದ. ಈ ಚರ್ಚೆಯನ್ನು ದಾವಣಗೆರೆಯ ಬಾಡಿಗೆಗೇ ಬಿಡೋಣ.

ಬೆಣ್ಣೆನಗರಿ | 12 ಸೆಪ್ಟೆಂಬರ್ 2025

ಧನ್ಯವಾದಗಳು. ನಾನು ಪಟ್ಟಿಯಲ್ಲಿದ್ದೇನೆ ಎಂಬುದು ಸ್ಪಷ್ಟವಾಯಿತು. ಏಪ್ರಿಲ್‌ನಿಂದ ಪ್ರತಿ ತಿಂಗಳ 5ನೇ ತಾರೀಖು ನಮೂದಿಸಿ ಐದು ಇನ್‌ವಾಯ್ಸ್‌ಗಳನ್ನು ಈಗಲೇ ಬರೆದಿಟ್ಟರೆ ಸರಿಹೋಗುತ್ತದೆಯಲ್ಲವೇ?

ಕಿರ್ದಿಖಾತೆ | 13 ಸೆಪ್ಟೆಂಬರ್ 2025

ದಯವಿಟ್ಟು ಹಿಂದಿನ ದಿನಾಂಕ ಹಾಕಬೇಡಿ. ಹಾಗೆ ಮಾಡಿದ್ದು ಮೇಲ್ನೋಟಕ್ಕೇ ಸಿಕ್ಕಿಬೀಳುತ್ತದೆ. ಸಲ್ಲಿಸಿರುವ GSTR-1 ರಿಟರ್ನಿನ 13ನೇ ಕೋಷ್ಟಕದಲ್ಲಿ ಆ ತಿಂಗಳು ಎಷ್ಟು ಸೆಲ್ಫ್ ಇನ್‌ವಾಯ್ಸ್ ಬರೆದಿರಿ, ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಎಂಬ ಲೆಕ್ಕ ಕೊಡಬೇಕು. ನಿಮ್ಮ ಏಪ್ರಿಲ್‌ನ ರಿಟರ್ನ್‌ನಲ್ಲಿ ಆ ಸಾಲು ಖಾಲಿ ಇರುತ್ತದೆ. ನಾಳೆ ಏಪ್ರಿಲ್ 5ರ ಇನ್‌ವಾಯ್ಸ್ ತೋರಿಸಿದರೆ ಅಧಿಕಾರಿ ಕೇಳುವ ಮೊದಲ ಪ್ರಶ್ನೆಯೇ ಅದು. ಬರೆದ ದಿನದ ದಿನಾಂಕವನ್ನೇ ಹಾಕಿ, ವಿವರಣೆಯಲ್ಲಿ ‘ಏಪ್ರಿಲ್ 2025ರ ಮಳಿಗೆ ಬಾಡಿಗೆ, 5-4-2025ರಂದು ಸಂದಾಯ’ ಎಂದು ಬರೆಯಿರಿ.

ಇಲ್ಲಿ ಎರಡು ಗಡಿಯಾರಗಳು ಬೇರೆಬೇರೆಯಾಗಿ ಓಡುತ್ತವೆ ಎಂಬುದನ್ನು ಗಮನಿಸಬೇಕು. ಒಂದು, ಇನ್‌ವಾಯ್ಸ್ ಬರೆಯಬೇಕಾದ ಅವಧಿ. ಮೊದಲು ಇದಕ್ಕೆ ಗಡುವೇ ಇರಲಿಲ್ಲ. 1 ನವೆಂಬರ್ 2024ರಿಂದ ಜಾರಿಗೆ ಬಂದ ನಿಯಮ 47ಎ ಪ್ರಕಾರ ಸರಕು ಅಥವಾ ಸೇವೆ ಪಡೆದ 30 ದಿನಗಳೊಳಗೆ ಬರೆಯಬೇಕು. ಇನ್ನೊಂದು, ತೆರಿಗೆಯ ಹೊಣೆ ಹುಟ್ಟುವ ದಿನ. ಸೇವೆಯ ವಿಷಯದಲ್ಲಿ, ಖರೀದಿದಾರನೇ ಇನ್‌ವಾಯ್ಸ್ ಬರೆಯಬೇಕಾದ ಕಡೆ, ಹಣ ಕೊಟ್ಟ ದಿನ ಮತ್ತು ಇನ್‌ವಾಯ್ಸಿನ ದಿನ ಇವೆರಡರಲ್ಲಿ ಯಾವುದು ಮೊದಲೋ ಅದೇ ಆ ದಿನ. ನೀವು 5ರಂದೇ ಹಣ ಕೊಟ್ಟಿರುವುದರಿಂದ, ಇನ್‌ವಾಯ್ಸನ್ನು ಇಂದು ಬರೆದರೂ, ಮುಂದಿನ ವರ್ಷ ಬರೆದರೂ ಏಪ್ರಿಲ್ ಬಾಡಿಗೆಯ ತೆರಿಗೆ ಏಪ್ರಿಲ್ ತಿಂಗಳದ್ದೇ. ಅದನ್ನು ಮೇ 20ರೊಳಗೆ GSTR-3B ಮೂಲಕ ಕಟ್ಟಬೇಕಿತ್ತು. ಇನ್‌ವಾಯ್ಸ್ ತಡವಾಗಿ ಬರೆದರೆ ತೆರಿಗೆಯೂ ತಡವಾಗಿಯೇ ಹುಟ್ಟುತ್ತದೆ ಎಂಬುದು ಬಹಳ ಜನರ ತಪ್ಪು ತಿಳಿವಳಿಕೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ತಿಂಗಳಿಗೆ 40,000 ರೂಪಾಯಿಯ ಮೇಲೆ ಕೇಂದ್ರದ ಪಾಲು 3,600, ರಾಜ್ಯದ ಪಾಲು 3,600, ಒಟ್ಟು 7,200 ರೂಪಾಯಿ. ಐದು ತಿಂಗಳಿಗೆ 36,000 ರೂಪಾಯಿ. ಸೆಪ್ಟೆಂಬರ್ 20ರಂದು ಆಗಸ್ಟ್ ತಿಂಗಳ GSTR-3B ಸಲ್ಲಿಸುವಾಗ ಇದನ್ನು ಕಟ್ಟುತ್ತೀರಿ ಎಂದುಕೊಳ್ಳೋಣ. ಆಗ ಏಪ್ರಿಲ್‌ನ ತೆರಿಗೆ 123 ದಿನ, ಮೇ ತಿಂಗಳದ್ದು 92 ದಿನ, ಜೂನ್‌ನದು 62 ದಿನ, ಜುಲೈನದು 31 ದಿನ ತಡವಾದಂತಾಗುತ್ತದೆ. ಆಗಸ್ಟ್‌ನದು ಸಕಾಲದಲ್ಲೇ ಇದೆ. ಒಟ್ಟು 308 ದಿನಗಳಿಗೆ ವರ್ಷಕ್ಕೆ ಶೇಕಡ 18ರ ದರದಲ್ಲಿ 7,200 ರೂಪಾಯಿಯ ಮೇಲಿನ ಬಡ್ಡಿ ಸುಮಾರು 1,094 ರೂಪಾಯಿ ಆಗುತ್ತದೆ. ಗಾಬರಿಯಾಗುವಂಥ ಮೊತ್ತವೇನಲ್ಲ, ಆದರೆ ನೀವಾಗಿಯೇ ಕಟ್ಟಿಬಿಡಿ.

ಖಾನಾವಳಿ ಹುಬ್ಬಳ್ಳಿ | 13 ಸೆಪ್ಟೆಂಬರ್ 2025

ನನಗೆ ಅರ್ಥವಾಗದ ಒಂದು ಸಂಗತಿ ಇದೆ. ಕಟ್ಟಿದ 36,000 ರೂಪಾಯಿ ಮರುಕ್ಷಣವೇ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರುತ್ತದೆ ಎಂದು ನಮ್ಮ ಗೆಳೆಯರೆಲ್ಲ ಹೇಳುತ್ತಾರೆ. ಎಡಗೈಯಿಂದ ಬಲಗೈಗೆ ಕೊಟ್ಟಂತೆ ಇರುವ ಈ ವ್ಯವಹಾರಕ್ಕೆ ಇಷ್ಟೆಲ್ಲ ಕಾಗದಗಳೇಕೆ? ಒಂದು ವೇಳೆ ಯಾರಾದರೂ ಬರೆಯದೇ ಇದ್ದರೆ ಸರ್ಕಾರಕ್ಕೆ ನಷ್ಟವೇನು?

ಕಿರ್ದಿಖಾತೆ | 13 ಸೆಪ್ಟೆಂಬರ್ 2025

ಹಾರ್ಡ್‌ವೇರ್ ಅಂಗಡಿಯವರಿಗೆ ವಾಪಸ್ ಬರುತ್ತದೆ, ನಿಮಗೆ ಬರುವುದಿಲ್ಲ. ನಿಮ್ಮ ಖಾನಾವಳಿ ಶೇಕಡ 5ರ ತೆರಿಗೆಯಲ್ಲಿ, ಇನ್‌ಪುಟ್ ಕ್ರೆಡಿಟ್ ಇಲ್ಲದ ವ್ಯವಸ್ಥೆಯಲ್ಲಿ ನಡೆಯುತ್ತಿದ್ದರೆ ಬಾಡಿಗೆಯ ಮೇಲಿನ ಶೇಕಡ 18 ಪೂರ್ತಿ ನಿಮ್ಮ ಖರ್ಚು. ಆದರೂ ಸೆಲ್ಫ್ ಇನ್‌ವಾಯ್ಸ್ ಬರೆಯಲೇಬೇಕು, ಏಕೆಂದರೆ ಅದನ್ನು ಬರೆಯುವ ಹೊಣೆ ಕ್ರೆಡಿಟ್ಟಿಗೆ ಕಟ್ಟುಬಿದ್ದಿಲ್ಲ, ತೆರಿಗೆಯ ಹೊಣೆಗೆ ಕಟ್ಟುಬಿದ್ದಿದೆ.

ಕ್ರೆಡಿಟ್ ಸಿಗುವವರಿಗೂ ಎಡಗೈ ಬಲಗೈ ಎಂಬ ಮಾತು ಅರ್ಧ ಮಾತ್ರ ಸರಿ. ರಿವರ್ಸ್ ಚಾರ್ಜಿನ ತೆರಿಗೆಯನ್ನು ಕ್ರೆಡಿಟ್ ಲೆಡ್ಜರಿನಿಂದ ತೀರಿಸುವಂತಿಲ್ಲ, ನಗದು ಲೆಡ್ಜರಿನಿಂದಲೇ ಕಟ್ಟಬೇಕು. ಬೆಣ್ಣೆನಗರಿಯವರ ಕ್ರೆಡಿಟ್ ಲೆಡ್ಜರಿನಲ್ಲಿ ಎರಡು ಲಕ್ಷ ಕೂತಿದ್ದರೂ ಈ 36,000 ರೂಪಾಯಿಗೆ ಬ್ಯಾಂಕಿನಿಂದ ಚಲನ್ ಮಾಡಬೇಕು. ಆಮೇಲೆ ಕ್ರೆಡಿಟ್ ಪಡೆಯಬೇಕಾದರೆ ಕೈಯಲ್ಲಿ ಇರಬೇಕಾದ ದಾಖಲೆಯೇ ಈ ಸೆಲ್ಫ್ ಇನ್‌ವಾಯ್ಸ್. ತೆರಿಗೆ ಕಟ್ಟಿ, ಇನ್‌ವಾಯ್ಸ್ ಬರೆಯದೆ, ಕ್ರೆಡಿಟ್ ಮಾತ್ರ ತೆಗೆದುಕೊಂಡ ಕಡತಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆಡಿಟ್ ಬಂದಾಗ ಅಡ್ಡಿಯಾಗುವುದು ಅಲ್ಲಿಯೇ.

ಸಣ್ಣ ಅಂಗಡಿ | 14 ಸೆಪ್ಟೆಂಬರ್ 2025

ನಾನು ಕಾಂಪೋಸಿಷನ್ ಯೋಜನೆಯಲ್ಲಿದ್ದೇನೆ. ನನ್ನ ಮಳಿಗೆಯ ಮಾಲೀಕರಿಗೂ ನೋಂದಣಿ ಇಲ್ಲ. ನಾನೂ ಬರೆಯಬೇಕೇ?

ಕಿರ್ದಿಖಾತೆ | 14 ಸೆಪ್ಟೆಂಬರ್ 2025

ವಾಣಿಜ್ಯ ಬಾಡಿಗೆಯ ವಿಷಯದಲ್ಲಿ ಬೇಕಿಲ್ಲ. 16 ಜನವರಿ 2025ರಿಂದ ಕಾಂಪೋಸಿಷನ್‌ನವರನ್ನು ಈ ಒಂದು ಸಾಲಿನಿಂದ ಹೊರಗಿಟ್ಟಿದ್ದಾರೆ. ಅದಕ್ಕೂ ಹಿಂದಿನ ಮೂರು ತಿಂಗಳನ್ನು ಇದ್ದಂತೆಯೇ ಕ್ರಮಬದ್ಧಗೊಳಿಸಿ ಸುತ್ತೋಲೆಯನ್ನೂ ಹೊರಡಿಸಿದ್ದಾರೆ. ಆದರೆ ಪಟ್ಟಿಯಲ್ಲಿರುವ ಉಳಿದ ಖರೀದಿಗಳಿಗೆ ಈ ರಿಯಾಯಿತಿ ಇಲ್ಲ ಎಂಬುದು ನೆನಪಿರಲಿ.

ಪುಣೆವಾಸಿ | 15 ಸೆಪ್ಟೆಂಬರ್ 2025

ನಾನು ಇನ್ನೊಂದು ದಡದವನು. ಬೆಳಗಾವಿಯಲ್ಲಿ ನಮ್ಮ ತಂದೆಯವರ ಕಾಲದ ಮಳಿಗೆಯೊಂದು ನನ್ನ ಹೆಸರಿನಲ್ಲಿದೆ, ನಾನು ಪುಣೆಯಲ್ಲಿ ನೌಕರಿಯಲ್ಲಿದ್ದೇನೆ, ನನಗೆ ಜಿಎಸ್‌ಟಿ ನೋಂದಣಿ ಇಲ್ಲ. ಬಾಡಿಗೆದಾರರು ಪ್ರತಿ ತಿಂಗಳೂ ಒಂದು ಇನ್‌ವಾಯ್ಸ್ ಕಳುಹಿಸಿ, ಇದಕ್ಕೆ ಸಹಿ ಹಾಕಿಕೊಡಿ ಎನ್ನುತ್ತಾರೆ. ಅಷ್ಟೇ ಅಲ್ಲ, 25,000 ರೂಪಾಯಿ ಬಾಡಿಗೆಯಲ್ಲಿ 4,500 ರೂಪಾಯಿ ಮುರಿದುಕೊಂಡು 20,500 ಹಾಕುತ್ತಿದ್ದಾರೆ. ಕೇಳಿದರೆ ಜಿಎಸ್‌ಟಿ ಎನ್ನುತ್ತಾರೆ. ಇದು ನ್ಯಾಯವೇ?

ಹಳೇ ಗುಮಾಸ್ತ | 15 ಸೆಪ್ಟೆಂಬರ್ 2025

ಸಹಿಯ ಮಾತಿಗೆ ನಾನೇ ಉತ್ತರಿಸುತ್ತೇನೆ, ಇದರಲ್ಲಿ ನಾನು ತಪ್ಪಲಾರೆ. ಸೆಲ್ಫ್ ಇನ್‌ವಾಯ್ಸಿಗೆ ಬರೆದವರ ಸಹಿ ಸಾಕು, ಬರೆದವರು ಬಾಡಿಗೆದಾರರು. ಅದರಲ್ಲಿ ನಿಮ್ಮ ಹೆಸರು, ವಿಳಾಸ ಇರುತ್ತವೆ, ಜಿಎಸ್‌ಟಿ ಸಂಖ್ಯೆಯ ಜಾಗ ಖಾಲಿ ಇರುತ್ತದೆ, ತೆರಿಗೆ ರಿವರ್ಸ್ ಚಾರ್ಜಿನಲ್ಲಿ ಎಂಬ ನಮೂದು ಇರುತ್ತದೆ. ನಿಮ್ಮ ಸಹಿಗೆ ಅಲ್ಲಿ ಕೆಲಸವಿಲ್ಲ. ಜೊತೆಗೆ ಇಲ್ಲಿ ಯಾರೂ ಹೇಳದ ಒಂದು ಮಾತಿದೆ: ಹಣ ಕೊಡುವಾಗ ಪೇಮೆಂಟ್ ವೋಚರ್ ಎಂಬ ಇನ್ನೊಂದು ಕಾಗದವನ್ನೂ ಬರೆಯಬೇಕು. ಇನ್‌ವಾಯ್ಸ್ ಬರೆಯುವವರು ಸಹ ಅದನ್ನು ಮರೆಯುತ್ತಾರೆ.

ಕಿರ್ದಿಖಾತೆ | 15 ಸೆಪ್ಟೆಂಬರ್ 2025

ಗುಮಾಸ್ತರು ಹೇಳಿದ್ದು ಎರಡೂ ಸರಿ. ವೋಚರಿನ ಮಾತನ್ನು ನಾನು ಮೊದಲೇ ಹೇಳಬೇಕಿತ್ತು. ಅದು 31(3)(ಜಿ) ಪ್ರಕಾರ ಹಣ ಕೊಡುವ ಹೊತ್ತಿನಲ್ಲೇ ಬರೆಯಬೇಕಾದದ್ದು.

ಪುಣೆವಾಸಿಗಳೇ, ಕಾನೂನು ತೆರಿಗೆಯ ಹೊಣೆ ಹೊರಿಸಿರುವುದು ನಿಮ್ಮ ಬಾಡಿಗೆದಾರರ ಮೇಲೆ. ಬಾಡಿಗೆಯಲ್ಲಿ ಅದನ್ನು ಮುರಿದುಕೊಳ್ಳುವ ಹಕ್ಕನ್ನು ಕಾನೂನು ಅವರಿಗೆ ಕೊಟ್ಟಿಲ್ಲ. ನಿಮ್ಮ ಕರಾರುಪತ್ರದಲ್ಲಿ ಹಾಗೆಂದು ಒಪ್ಪಿದ್ದರೆ ಮಾತು ಬೇರೆ. ಅವರಿಗೆ ಕ್ರೆಡಿಟ್ ಸಿಗುತ್ತಿದ್ದರೆ, ನಿಮ್ಮಿಂದಲೂ 4,500 ಪಡೆದು ಸರ್ಕಾರದಿಂದಲೂ 4,500ರ ಕ್ರೆಡಿಟ್ ಪಡೆದಂತಾಯಿತು. ಕರಾರನ್ನು ತೆಗೆದು ಓದಿ, ನಂತರ ಮಾತನಾಡಿ.

ನಿಮ್ಮ ಪ್ರಕರಣದಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿರುವುದು ಬೇರೊಂದು ಪ್ರಶ್ನೆ. ಮಳಿಗೆ ಬೆಳಗಾವಿಯಲ್ಲಿ, ಮಾಲೀಕರು ಪುಣೆಯಲ್ಲಿ. ಇನ್‌ವಾಯ್ಸಿನಲ್ಲಿ ಅವರು ಐಜಿಎಸ್‌ಟಿ ಬರೆಯುತ್ತಿದ್ದಾರೆಯೇ, ಕೇಂದ್ರ ಮತ್ತು ರಾಜ್ಯ ಎಂದು ಎರಡು ಭಾಗ ಮಾಡುತ್ತಿದ್ದಾರೆಯೇ?

ಪುಣೆವಾಸಿ | 15 ಸೆಪ್ಟೆಂಬರ್ 2025

ಎರಡು ಭಾಗ, 2,250 ಮತ್ತು 2,250 ಎಂದಿದೆ.

ತೆರಿಗೆ ವಕೀಲೆ | 16 ಸೆಪ್ಟೆಂಬರ್ 2025

ಅದು ತಪ್ಪೆಂದು ನನ್ನ ಅಭಿಪ್ರಾಯ. ಸೇವೆ ನಡೆದ ಸ್ಥಳ ಬೆಳಗಾವಿ ಎಂಬುದರಲ್ಲಿ ವಿವಾದವಿಲ್ಲ, ಸ್ಥಿರಾಸ್ತಿ ಇರುವಲ್ಲಿಯೇ ಅದು. ಆದರೆ ಸೇವೆ ಕೊಟ್ಟವರು ಎಲ್ಲಿದ್ದಾರೆ ಎಂಬುದನ್ನೂ ನೋಡಬೇಕು. ಅವರಿಗೆ ನೋಂದಾಯಿತ ವ್ಯವಹಾರ ಸ್ಥಳವಿಲ್ಲ, ಕೆಲಸಗಾರರಿರುವ ಕಚೇರಿಯೂ ಇಲ್ಲ. ಕೊನೆಗೆ ಉಳಿಯುವುದು ಅವರ ವಾಸಸ್ಥಳ, ಅದು ಮಹಾರಾಷ್ಟ್ರ. ಹಾಗಾಗಿ ಇದು ಅಂತರರಾಜ್ಯ ವ್ಯವಹಾರ, ಐಜಿಎಸ್‌ಟಿ ಕಟ್ಟಬೇಕು.

ಕಿರ್ದಿಖಾತೆ | 16 ಸೆಪ್ಟೆಂಬರ್ 2025

ವಾದದ ಎಳೆಯನ್ನು ಒಪ್ಪುತ್ತೇನೆ, ತೀರ್ಮಾನದ ಬಗ್ಗೆ ಅಷ್ಟು ಧೈರ್ಯ ನನಗಿಲ್ಲ. ಬಾಡಿಗೆಯ ವ್ಯವಹಾರವೇ ಆ ಮಳಿಗೆಯಿಂದ ನಡೆಯುತ್ತಿರುವಾಗ ಮಾಲೀಕರ ವ್ಯವಹಾರ ಸ್ಥಳವೂ ಅದೇ ಎಂದು ವಾದಿಸುವವರಿದ್ದಾರೆ, ಕ್ಷೇತ್ರದಲ್ಲಿ ಹೆಚ್ಚಿನವರು ನಡೆಸುತ್ತಿರುವುದೂ ಎರಡು ಭಾಗ ಮಾಡಿಯೇ. ತಪ್ಪು ತಲೆಬರಹದಲ್ಲಿ ಕಟ್ಟಿದ್ದರೆ ಸರಿಯಾದುದರಲ್ಲಿ ಕಟ್ಟಿ ಮೊದಲಿನದನ್ನು ವಾಪಸ್ ಕೇಳಲು ಸೆಕ್ಷನ್ 77 ಅವಕಾಶ ಕೊಡುತ್ತದೆ, ಅಂಥ ಸಂದರ್ಭದಲ್ಲಿ ಬಡ್ಡಿಯೂ ಇಲ್ಲ. ಅದೊಂದು ಸಮಾಧಾನ.

ಬೆಣ್ಣೆನಗರಿ | 16 ಸೆಪ್ಟೆಂಬರ್ 2025

ನಮ್ಮ ಮಾಲೀಕರು ಪಕ್ಕದ ಬೀದಿಯಲ್ಲೇ ಇದ್ದಾರೆ, ಆ ತೊಂದರೆ ನನಗಿಲ್ಲ. ಎರಡು ಪ್ರಶ್ನೆಗಳು ಉಳಿದಿವೆ. 4 ಲಕ್ಷ ಅಡ್ವಾನ್ಸಿನ ಮೇಲೂ ಶೇಕಡ 18 ಕಟ್ಟಬೇಕೇ? ಹಣ ಕೊಟ್ಟ ದಿನವೇ ಹೊಣೆ ಹುಟ್ಟುತ್ತದೆ ಎಂದು ಓದಿದಾಗಿನಿಂದ 72,000 ರೂಪಾಯಿ ಕಣ್ಣಮುಂದೆ ಕುಣಿಯುತ್ತಿದೆ. ಎರಡನೆಯದು, ಐದು ತಿಂಗಳಿಗೂ ಸೇರಿಸಿ 2 ಲಕ್ಷಕ್ಕೆ ಒಂದೇ ಇನ್‌ವಾಯ್ಸ್ ಬರೆಯಬಹುದೇ?

ಕಿರ್ದಿಖಾತೆ | 17 ಸೆಪ್ಟೆಂಬರ್ 2025

ಅಡ್ವಾನ್ಸ್ ಎಂಬ ಪದ ನಮ್ಮ ಊರುಗಳಲ್ಲಿ ಮಾಡುವ ಅವಾಂತರ ಅಷ್ಟಿಷ್ಟಲ್ಲ. ಕಾನೂನಿನ ಕಣ್ಣಿನಲ್ಲಿ ಮುಂಗಡ ಬಾಡಿಗೆ ಬೇರೆ, ಖಾಲಿ ಮಾಡುವಾಗ ಮರಳಿಸುವ ಠೇವಣಿ ಬೇರೆ. ಠೇವಣಿಯನ್ನು ಮಾಲೀಕರು ಬಾಡಿಗೆಗೆಂದು ಹೊಂದಿಸಿಕೊಳ್ಳುವವರೆಗೆ ಅದು ಪ್ರತಿಫಲವಲ್ಲ, ತೆರಿಗೆಯೂ ಇಲ್ಲ, ಇನ್‌ವಾಯ್ಸೂ ಇಲ್ಲ. ಕರಾರಿನಲ್ಲಿ ‘ಮರಳಿಸತಕ್ಕ ಭದ್ರತಾ ಠೇವಣಿ’ ಎಂದು ಇದೆಯೇ ನೋಡಿಕೊಳ್ಳಿ. ಖಾಲಿ ಮಾಡುವ ಮುಂಚಿನ ಎರಡು ತಿಂಗಳು ಬಾಡಿಗೆ ಕೊಡದೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ ಎನ್ನುವ ರೂಢಿ ಇದೆಯಲ್ಲ, ಆಗ ಆ ಎರಡು ತಿಂಗಳಿಗೆ ಮಾಮೂಲಿನಂತೆ ತೆರಿಗೆ, ಇನ್‌ವಾಯ್ಸ್ ಎರಡೂ ಬರುತ್ತವೆ. ಬ್ಯಾಂಕಿನಿಂದ ಹಣ ಹೋಗದ ಕಾರಣ ಆ ತಿಂಗಳುಗಳನ್ನೇ ಜನ ಮರೆಯುವುದು.

ಒಟ್ಟು ಇನ್‌ವಾಯ್ಸ್ ಬೇಡ. ಮೊದಲೇ ಹೇಳಿದಂತೆ ಆ ಅನುಕೂಲ 9(4)ರದ್ದು. ಪ್ರತಿ ತಿಂಗಳಿಗೂ ಬೇರೆ ಇನ್‌ವಾಯ್ಸ್ ಇದ್ದರೆ ನಿಮ್ಮ ಬಡ್ಡಿಯ ಲೆಕ್ಕವೂ ನೋಡುವವರಿಗೆ ತಾನಾಗಿ ಅರ್ಥವಾಗುತ್ತದೆ. ಸಂಖ್ಯೆಗೆ ನಿಮ್ಮ ಮಾರಾಟದ ಬಿಲ್ಲುಗಳಿಂದ ಬೇರೆಯಾದ ಸರಣಿ ಇರಲಿ, ಉದಾಹರಣೆಗೆ `RCM/25-26/001`. ಒಟ್ಟು 16 ಅಕ್ಷರಗಳನ್ನು ಮೀರಬಾರದು. ಸೇವೆಯ ಸಂಕೇತ `9972`.

ರಿಟರ್ನಿನಲ್ಲಿ ಮೊತ್ತ ಮತ್ತು ತೆರಿಗೆಯನ್ನು GSTR-3Bಯ `3.1(d)` ಸಾಲಿನಲ್ಲಿ ತುಂಬಿ, ಕ್ರೆಡಿಟ್ಟನ್ನು `4(A)(3)`ರಲ್ಲಿ ತೆಗೆದುಕೊಳ್ಳಿ. ಇದನ್ನು `4(A)(5)`ರಲ್ಲಿ ಸೇರಿಸಿಬಿಡುವುದು ಸಾಮಾನ್ಯ ತಪ್ಪು. ಆಗ ರಿವರ್ಸ್ ಚಾರ್ಜಿನ ತೆರಿಗೆ ಕಟ್ಟಿದ್ದಕ್ಕೂ ಕ್ರೆಡಿಟ್ ಪಡೆದದ್ದಕ್ಕೂ ತಾಳೆಯಾಗುವುದಿಲ್ಲ. ಇನ್ನು ಆಗಸ್ಟ್‌ನ ರಿಟರ್ನಿನಲ್ಲೇ ತೆರಿಗೆ ಕಟ್ಟಿ ಬಡ್ಡಿಯ ಓಟ ನಿಲ್ಲಿಸಿ, ಆದರೆ ಇನ್‌ವಾಯ್ಸುಗಳ ದಿನಾಂಕ ಸೆಪ್ಟೆಂಬರ್‌ನದಾದ್ದರಿಂದ ಕ್ರೆಡಿಟ್ಟನ್ನು ಸೆಪ್ಟೆಂಬರ್‌ನ ರಿಟರ್ನಿನಲ್ಲಿ ತೆಗೆದುಕೊಳ್ಳುವುದು ನನ್ನ ಪದ್ಧತಿ. ಅದೇ ತಿಂಗಳು ತೆಗೆದುಕೊಳ್ಳುವವರೂ ಇದ್ದಾರೆ. ನನಗೆ ಒಂದು ತಿಂಗಳು ಕಾಯುವುದು ವಾದಕ್ಕಿಂತ ಅಗ್ಗವೆನಿಸುತ್ತದೆ.

ತೆರಿಗೆ ವಕೀಲೆ | 17 ಸೆಪ್ಟೆಂಬರ್ 2025

ಒಂದು ಅಪಾಯವನ್ನು ಯಾರೂ ಎತ್ತಿಲ್ಲ. ಏಪ್ರಿಲ್‌ನಿಂದ ಜುಲೈವರೆಗಿನ ನಾಲ್ಕು ಇನ್‌ವಾಯ್ಸ್‌ಗಳು 30 ದಿನಗಳ ಗಡುವನ್ನು ಮೀರಿವೆ. ತಿಂಗಳ ಕೊನೆಯನ್ನೇ ಸೇವೆ ಪಡೆದ ದಿನವೆಂದು ಹಿಡಿದರೆ ಆಗಸ್ಟ್‌ನದು ಮಾತ್ರ ಸೆಪ್ಟೆಂಬರ್ 30ರವರೆಗೆ ಗಡುವಿನೊಳಗಿದೆ. ಮೀರಿದ ನಾಲ್ಕರ ಕ್ರೆಡಿಟ್ ಸಿಗುತ್ತದೆಯೇ?

ಕಿರ್ದಿಖಾತೆ | 18 ಸೆಪ್ಟೆಂಬರ್ 2025

ಸಿಗುತ್ತದೆ ಎಂದೇ ನಾನು ಸಲಹೆ ಕೊಡುತ್ತಿದ್ದೇನೆ. 26 ಜೂನ್ 2024ರ 211ನೇ ಸುತ್ತೋಲೆ, ನೋಂದಣಿ ಇಲ್ಲದವರಿಂದ ಪಡೆದ ರಿವರ್ಸ್ ಚಾರ್ಜ್ ಖರೀದಿಗಳಲ್ಲಿ ಕ್ರೆಡಿಟ್ಟಿನ ಕೊನೆಯ ದಿನವನ್ನು ಸೆಲ್ಫ್ ಇನ್‌ವಾಯ್ಸ್ ಬರೆದ ಆರ್ಥಿಕ ವರ್ಷದಿಂದ ಎಣಿಸಬೇಕೆಂದು ಹೇಳಿದೆ. ತಡವಾಗಿ ಬರೆದರೆ ಬಡ್ಡಿ ಕಟ್ಟಬೇಕು, ಸೆಕ್ಷನ್ 122ರ ಅಡಿ ದಂಡಕ್ಕೂ ಗುರಿಯಾಗಬಹುದು ಎಂದೂ ಅದರಲ್ಲಿದೆ. ಕ್ರೆಡಿಟ್ ಹೋಗುತ್ತದೆ ಎಂದಿಲ್ಲ.

ತೆರಿಗೆ ವಕೀಲೆ | 18 ಸೆಪ್ಟೆಂಬರ್ 2025

ಆ ಸುತ್ತೋಲೆ ಬಂದಾಗ 47ಎ ನಿಯಮ ಇರಲೇ ಇಲ್ಲ. ಗಡುವು ಮೀರಿದ ಇನ್‌ವಾಯ್ಸ್ ನಿಯಮಾನುಸಾರ ಬರೆದದ್ದಲ್ಲ, ಆದ್ದರಿಂದ ಕ್ರೆಡಿಟ್ಟಿಗೆ ಆಧಾರವಾಗದು ಎಂದು ಒಬ್ಬ ಅಧಿಕಾರಿ ಬರೆದರೆ ಸುತ್ತೋಲೆಯೊಂದನ್ನೇ ಹಿಡಿದು ಕೂರಲಾಗದು.

ಕಿರ್ದಿಖಾತೆ | 18 ಸೆಪ್ಟೆಂಬರ್ 2025

ಬರೆಯಬಹುದು, ತಡೆಯಲು ನನ್ನಿಂದಾಗದು. 47ಎ ನಿಯಮದಲ್ಲಿ ಕ್ರೆಡಿಟ್ಟಿನ ಮಾತೇ ಇಲ್ಲ ಎಂಬುದು ನನ್ನ ಉತ್ತರ. ಈ ಜಗಳವನ್ನು ತಪ್ಪಿಸುವ ದಾರಿ ಒಂದೇ: 5ರಂದು ಹಣ ಹಾಕಿದ ದಿನವೇ ವೋಚರ್ ಮತ್ತು ಇನ್‌ವಾಯ್ಸ್ ಎರಡನ್ನೂ ಬರೆದು ಮುಗಿಸುವುದು.

ಬೆಣ್ಣೆನಗರಿ | 22 ಸೆಪ್ಟೆಂಬರ್ 2025

ಐದು ಇನ್‌ವಾಯ್ಸ್‌ಗಳನ್ನು 18ರ ದಿನಾಂಕ ಹಾಕಿ ಬರೆದೆ. 20ರಂದು 36,000 ರೂಪಾಯಿ ತೆರಿಗೆ ಮತ್ತು 1,094 ರೂಪಾಯಿ ಬಡ್ಡಿ ಕಟ್ಟಿ ರಿಟರ್ನ್ ಸಲ್ಲಿಸಿದೆ. ವಿಷಯ ತಿಳಿಸಲು ಹೋದಾಗ ಮಾಲೀಕರು, ಪಕ್ಕದ ಎರಡು ಮಳಿಗೆಗಳನ್ನೂ ಕಟ್ಟಿಸಿ ಮುಂದಿನ ವರ್ಷ ತಾವೇ ನೋಂದಣಿ ಮಾಡಿಸುವ ಯೋಚನೆಯಲ್ಲಿದ್ದಾರೆಂದು ಗೊತ್ತಾಯಿತು. ತಿಂಗಳ ಮಧ್ಯದಲ್ಲಿ ಅವರಿಗೆ ನೋಂದಣಿ ಸಿಕ್ಕರೆ, 5ರಂದೇ ನಾನು ಇನ್‌ವಾಯ್ಸ್ ಬರೆದು ಮುಗಿಸಿದ ಆ ತಿಂಗಳ ಉಳಿದರ್ಧಕ್ಕೆ ಬಿಲ್ ಯಾರು ಬರೆಯಬೇಕು?

ಕಿರ್ದಿಖಾತೆ | 22 ಸೆಪ್ಟೆಂಬರ್ 2025

ಸೇವೆ ಪಡೆದ ದಿನ ನೋಂದಣಿ ಇತ್ತೇ ಎಂಬುದೇ ಸೆಕ್ಷನ್ನಿನ ಅಳತೆಗೋಲು, ಆದರೆ ತಿಂಗಳಿಡೀ ಹರಡಿದ ಸೇವೆಗೆ ಆ ದಿನ ಯಾವುದೆಂದು ಅದು ಹೇಳುವುದಿಲ್ಲ. ನೋಂದಣಿಯನ್ನು ಒಂದನೇ ತಾರೀಖಿನಿಂದ ಜಾರಿಗೆ ಬರುವಂತೆ ಮಾಡಿಸಲು ಮಾಲೀಕರಿಗೆ ಹೇಳಿ. ಪ್ರತಿ ತಿಂಗಳು ಹಣ ಹಾಕುವ ಮೊದಲು ಅವರ ಪಾನ್ ಸಂಖ್ಯೆಯನ್ನು ಪೋರ್ಟಲ್ಲಿನಲ್ಲಿ ಹುಡುಕಿ ನೋಡಿ. ನೋಂದಣಿ ಬಂದಿದ್ದರೆ ಅವರ ಬಿಲ್ ಕೇಳಿ, ನಿಮ್ಮ ಸರಣಿಯನ್ನು ಅಲ್ಲಿಗೆ ನಿಲ್ಲಿಸಿ.